ಮೂರು ತಿಂಗಳ ಪಗಾರ ಬಂದಿಲ್ಲ, ಎಚ್‌ಆರ್‌ಗೆ ಪತ್ರ ಬರೆದಿದ್ದೇನೆ, ಒಮ್ಮೆ ನೋಡಿ ಹೇಳಿ

ತಾರಿಹಾಳ_ಗೋಡಾವನ್ · ಮಾರ್ಚ್ 10, 2026

ಎಲ್ಲರಿಗೂ ನಮಸ್ಕಾರ ರೀ. ನಾನು ಹುಬ್ಬಳ್ಳಿ ತಾರಿಹಾಳ ಕಡೆಯ ಒಂದು ದೊಡ್ಡ ಗೋಡಾವನ್‌ನಲ್ಲಿ ಪಿಕಿಂಗ್ ಮತ್ತು ಲೋಡಿಂಗ್ ಕೆಲಸ ಮಾಡುತ್ತೇನೆ. 14 ತಿಂಗಳಾಯಿತು. ನವೆಂಬರ್ ಪಗಾರ ಡಿಸೆಂಬರ್ 5ಕ್ಕೆ ಬಂತು. ಅದೇ ಕೊನೆ. ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ಬಾಕಿ. ಸೂಪರ್‌ವೈಸರ್ ಕೇಳಿದರೆ "ಬಿಲ್ ಪಾಸ್ ಆಗಿಲ್ಲೋ ತಮ್ಮಾ, ಮುಂದಿನ ವಾರ ನೋಡೋಣು" ಅಂತಾರೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ. ಕಂಪನಿ ಹೆಸರು ಬೇಡ, ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ.

ನಾಳೆ ಈ ಪತ್ರ ಕೊಡಬೇಕು ಅಂತಿದ್ದೇನೆ:

> ಎಚ್‌ಆರ್ ಮ್ಯಾನೇಜರ್ ಅವರಿಗೆ,
> ಮಾನ್ಯರೇ, ನಾನು ನಿಮ್ಮ ಗೋದಾಮಿನಲ್ಲಿ ಒಂದು ವರ್ಷದಿಂದ ನಿಷ್ಠೆಯಿಂದ ದುಡಿಯುತ್ತಿದ್ದೇನೆ. ಮೂರು ತಿಂಗಳಿಂದ ಪಗಾರ ಕೊಟ್ಟಿಲ್ಲ. ಮನೆ ಬಾಡಿಗೆ ಕಟ್ಟಿಲ್ಲ. ಕಿರಾಣಿ ಅಂಗಡಿಯವರು ಉದ್ರಿ ನಿಲ್ಲಿಸಿದ್ದಾರೆ. ತಾಯಿಯ ಬಿಪಿ ಗುಳಿಗೆಗೂ ರೊಕ್ಕ ಇಲ್ಲ. ನನಗೆ ಬರಬೇಕಾದ 3 ತಿಂಗಳ ಪಗಾರ 50,400 ರೂಪಾಯಿ ಕೂಡಲೇ ಕೊಡಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ, ಕೋರ್ಟಿಗೆ ಹೋಗುತ್ತೇನೆ. ಮುಂದೆ ಆಗುವುದಕ್ಕೆಲ್ಲ ನೀವೇ ಜವಾಬ್ದಾರರು.

ತಿಂಗಳಿಗೆ ಒಟ್ಟು 16,800. ಪಿಎಫ್ 1,560, ಇಎಸ್‌ಐ 126 ಕಟ್ ಆಗಿ ಕೈಗೆ 15,114 ಬರುತ್ತಿತ್ತು. ಏನಾದರೂ ಸೇರಿಸಬೇಕಾ?

ಕೇಶ್ವಾಪುರ_ಹುಲಿ

ಪತ್ರ ಬಹಳ ಸಾಫ್ಟ್ ಆಯಿತು ತಮ್ಮಾ. ಕಾಯ್ದೆಯಲ್ಲಿ ಹತ್ತು ಪಟ್ಟು ಪರಿಹಾರ ಇದೆ. 50,400 ಅಲ್ಲ, 5 ಲಕ್ಷ 4 ಸಾವಿರ ಕೇಳು. ಜೊತೆಗೆ ಪೊಲೀಸ್ ಸ್ಟೇಷನ್‌ನಲ್ಲಿ ಚೀಟಿಂಗ್ ಕೇಸ್ ಹಾಕು. ನಾಳೆಯಿಂದ ಡ್ಯೂಟಿಗೆ ಹೋಗಲೇಬೇಡ. ಲಾರಿ ಗೇಟ್‌ನಲ್ಲಿ ನಿಂತರೆ ಅವರೇ ಓಡಿ ಬರುತ್ತಾರೆ. ಆದರೆ ಜಲ್ದಿ ಮಾಡು, ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಹೋಯಿತು. ಪಗಾರ 24 ಸಾವಿರದೊಳಗೆ ಇದೆ, ಅದೊಂದು ಒಳ್ಳೆಯದು.

ಹಾವೇರಿ_ಸವಾರ

ಪಿಎಫ್ ತೆಗೆಯೋದು ಈಗ ಸುಲಭ ಬ್ರದರ್. ಉಮಂಗ್ ಆ್ಯಪ್‌ನಲ್ಲಿ ಆಧಾರ್ ಓಟಿಪಿ ಹಾಕಿ ಅಡ್ವಾನ್ಸ್ ಕ್ಲೇಮ್ ಮಾಡು. ನನ್ನದು ಬಂತು.

ತಾರಿಹಾಳ_ಗೋಡಾವನ್

ಅಣ್ಣಾ, ನಾನು ಕೇಳಿದ್ದು ಪಗಾರದ ಬಗ್ಗೆ. ಪಿಎಫ್ ತೆಗೆಯೋದಲ್ಲ.

ಬೆಟಗೇರಿ_ಮಾಮಾ

ತಮ್ಮಾ, ಪತ್ರ ನಾಳೆ ಕೊಡಬೇಡ. ಎರಡು ದಿನ ತಡಿ.

ನಾನು 22 ವರ್ಷ ಫ್ಯಾಕ್ಟರಿ ಟೈಮ್ ಆಫೀಸಿನಲ್ಲಿ ಹಾಜರಿ ಬರೆದವನು. ಅದರಲ್ಲಿ ಹತ್ತು ವರ್ಷ ಯೂನಿಯನ್ ಕೆಲಸವನ್ನೂ ಮಾಡಿದ್ದೇನೆ. ಮೊದಲು ನನ್ನ ಪ್ರಶ್ನೆಗೆ ಉತ್ತರ ಹೇಳು. ನಿನ್ನ ಮಾಲೀಕರು ಯಾರು? ಐಡಿ ಕಾರ್ಡಿನ ಮೇಲೆ ಯಾರ ಹೆಸರಿದೆ ಅಂತಲ್ಲ. ನವೆಂಬರ್ ಪಗಾರ ಬ್ಯಾಂಕಿಗೆ ಬಂತಲ್ಲ, ಆ ಎಂಟ್ರಿಯಲ್ಲಿ ಯಾರ ಹೆಸರಿದೆ? ಪಿಎಫ್ ಪಾಸ್‌ಬುಕ್‌ನ ಮೇಲ್ಗಡೆ ಸಂಸ್ಥೆ ಅಂತ ಯಾರ ಹೆಸರು ಬರುತ್ತದೆ? ಎರಡನ್ನೂ ನೋಡಿ ಹೇಳು. ಸವಾರ ಅವರು ತಪ್ಪು ತಿಳಿದು ಹೇಳಿದರೂ ಉಮಂಗ್ ಆ್ಯಪ್ ನೆನಪು ಮಾಡಿದ್ದು ಒಳ್ಳೆಯದಾಯಿತು.

ಹುಲಿ ಅವರಿಗೆ: ವರ್ಷದ ಗಡುವು, 24 ಸಾವಿರದ ಮಿತಿ ಎರಡೂ 1936ರ ಹಳೆಯ ಕಾಯ್ದೆಯವು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಾಗಿದೆ. ಈಗ ಅರ್ಜಿಗೆ ಮೂರು ವರ್ಷ ಅವಕಾಶ, ಪಗಾರದ ಮಿತಿಯೂ ಇಲ್ಲ. ಹತ್ತು ಪಟ್ಟು ಇರುವುದು ನಿಜ. ಆದರೆ ಅದು ಹತ್ತು ಪಟ್ಟಿನ "ವರೆಗೆ". ಎಷ್ಟು ಅಂತ ತೀರ್ಮಾನಿಸುವವರು ಅರ್ಜಿ ಕೇಳುವ ಅಧಿಕಾರಿ. ನಾವು ಪತ್ರದಲ್ಲಿ ಬರೆದುಕೊಂಡ ಮಾತ್ರಕ್ಕೆ ಬರೋದಿಲ್ಲ.

ತಾರಿಹಾಳ_ಗೋಡಾವನ್

ಮಾಮಾ, ನೋಡಿದೆ. ಐಡಿ ಕಾರ್ಡಿನಲ್ಲಿ ಗೋಡಾವನ್ ಕಂಪನಿಯ ಲೋಗೋ ಇದೆ. ಟಿ-ಶರ್ಟ್ ಮೇಲೂ ಅದೇ. ಆದರೆ ಬ್ಯಾಂಕ್ ಎಂಟ್ರಿ, ಪಿಎಫ್ ಪಾಸ್‌ಬುಕ್ ಎರಡರಲ್ಲೂ ಬೇರೆ ಹೆಸರಿದೆ. ಹುಬ್ಬಳ್ಳಿಯ ಒಂದು ಮ್ಯಾನ್‌ಪವರ್ ಏಜೆನ್ಸಿ. ಸೇರುವಾಗ ಆಧಾರ್ ಜೆರಾಕ್ಸ್ ಇಸಿದುಕೊಂಡವರು ಅವರೇ. ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಿಲ್ಲ.

ಇನ್ನೊಂದು ಕಂಡಿತು. ಪಿಎಫ್‌ನಲ್ಲಿ ಕೊನೆಯ ಎಂಟ್ರಿ ಅಕ್ಟೋಬರ್‌ದು. ನವೆಂಬರ್ ಸ್ಲಿಪ್‌ನಲ್ಲಿ 1,560 ಕಟ್ ಮಾಡಿದ್ದಾರೆ, ಪಾಸ್‌ಬುಕ್‌ನಲ್ಲಿ ಇಲ್ಲ.

ಬೆಟಗೇರಿ_ಮಾಮಾ

ಅನುಮಾನ ಇದೇ ಇತ್ತು. ನಿನ್ನ ಪತ್ರವನ್ನು ನಾಳೆ ಗೋಡಾವನ್ ಎಚ್‌ಆರ್‌ಗೆ ಕೊಟ್ಟಿದ್ದರೆ ಒಂದೇ ಸಾಲಿನ ಉತ್ತರ ಬರುತ್ತಿತ್ತು: "ನೀವು ನಮ್ಮ ನೌಕರರಲ್ಲ, ಏಜೆನ್ಸಿಯನ್ನು ಕೇಳಿ." ಏಜೆನ್ಸಿಗೆ ಹೋದರೆ "ಕಂಪನಿ ಬಿಲ್ ಕೊಟ್ಟಿಲ್ಲ" ಅಂತಾರೆ. ಇಬ್ಬರ ನಡುವೆ ನೀನು ಟೆಂಪೋ ಹತ್ತಿ ಇಳಿಯುತ್ತಾ ಇರಬೇಕು.

ಅದಕ್ಕೆ ಪತ್ರ ಒಂದೇ ಇರಲಿ, ವಿಳಾಸ ಎರಡಿರಲಿ. ಮೊದಲು ಏಜೆನ್ಸಿ ಮಾಲೀಕರು, ಯಾಕೆಂದರೆ ಕಾಗದದ ಮೇಲೆ ನಿನ್ನ ಮಾಲೀಕರು ಅವರು. ಎರಡನೆಯದು ಗೋಡಾವನ್ ಕಂಪನಿ ಎಚ್‌ಆರ್. ಅವರನ್ನು "ಮುಖ್ಯ ಮಾಲೀಕರು" ಅಂತ ಬರಿ. ಇಂಗ್ಲಿಷ್‌ನಲ್ಲಿ ಬರೆದರೆ ಪ್ರಿನ್ಸಿಪಲ್ ಎಂಪ್ಲಾಯರ್. ಈ ಎರಡು ಪದಕ್ಕೆ ತೂಕ ಇದೆ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮುಖ್ಯ ಮಾಲೀಕರು ಕೊಡಬೇಕು, ಕೊಟ್ಟ ಮೇಲೆ ಗುತ್ತಿಗೆದಾರನ ಬಿಲ್‌ನಲ್ಲಿ ಹಿಡಿದುಕೊಳ್ಳಬೇಕು. ಹಳೆಯ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಇದು ಇತ್ತು, ಈಗಿನ ಸಂಹಿತೆಗಳಲ್ಲೂ ಇದೆ. ಬಿಲ್ ಜಗಳ ಅವರಿಬ್ಬರದು. ನಿನ್ನ ಪಗಾರ ಅದಕ್ಕಾಗಿ ಕಾಯಬೇಕಾಗಿಲ್ಲ.

ಅಲ್ಲಿ ಏಜೆನ್ಸಿ ಹುಡುಗರು ಎಷ್ಟು ಜನ ಇದ್ದೀರಿ? 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ದಾರಿ ಇನ್ನೂ ಸಲೀಸು. ಗುತ್ತಿಗೆ ಕಾರ್ಮಿಕರ ಹೊಸ ನಿಯಮ ಶುರುವಾಗುವುದೇ ಆ ಸಂಖ್ಯೆಯಿಂದ.

ತಾರಿಹಾಳ_ಗೋಡಾವನ್

ಎರಡು ಶಿಫ್ಟ್ ಸೇರಿ 70ರ ಹತ್ತಿರ.

ನವನಗರ_ಅಕ್ಕ

ನಾನು ಆರು ವರ್ಷ ಒಂದು ಗೋದಾಮಿನ ಎಚ್‌ಆರ್‌ನಲ್ಲಿದ್ದೆ. ಈಗ ಬಿಟ್ಟಿದ್ದೇನೆ. ಆ ಕಡೆಯಿಂದ ಪತ್ರ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪತ್ರದಲ್ಲಿ ಹೆಸರಿಲ್ಲ. ಎಂಪ್ಲಾಯಿ ಕೋಡ್ ಇಲ್ಲ. ಯಾವ ತಿಂಗಳು ಅಂತಲೇ ಇಲ್ಲ, ಬರೀ "ಮೂರು ತಿಂಗಳು" ಅಂತಿದೆ. ತಾರೀಖಿಲ್ಲ. ತಾಯಿಯ ಗುಳಿಗೆಯ ಸಾಲು ಓದಿದರೆ ಯಾರಿಗಾದರೂ ಕರುಳು ಚುರ್ ಅನ್ನುತ್ತದೆ. ನನಗೂ ಅನ್ನುತ್ತಿತ್ತು. ಆದರೆ ಆ ಸಾಲನ್ನು ಅಕೌಂಟ್ಸ್‌ಗೆ ಕಳಿಸಿ ರೊಕ್ಕ ಬಿಡಿಸಲು ಆಗುವುದಿಲ್ಲ. ಕೋಡ್, ತಿಂಗಳು, ಹಾಜರಿ, ಮೊತ್ತ ಇದ್ದರೆ ನಾನು ಅದೇ ಪತ್ರವನ್ನು ಹಾಗೇ ಮೇಲಕ್ಕೆ ಕಳಿಸಬಲ್ಲೆ. ಮೇಲಿನವರು "ಇದು ನಮಗೆ ಗೊತ್ತೇ ಇರಲಿಲ್ಲ" ಅನ್ನುವ ಹಾಗಿರುವುದಿಲ್ಲ.

ಇನ್ನು "ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ" ಅಂತ ಬರೆದಿದ್ದೀಯ. ಅದನ್ನು ಈಗಲೇ ಹೊಡೆದುಹಾಕು. ಮೂರನೇ ದಿನ ನಿನ್ನ ಹೆಸರಿನ ಮುಂದೆ "ಹೇಳದೆ ಕೆಲಸ ಬಿಟ್ಟಿದ್ದಾನೆ" ಅಂತ ಬೀಳುತ್ತದೆ. ಆಮೇಲೆ ಮಾತು ಪಗಾರದ್ದಾಗಿ ಉಳಿಯುವುದಿಲ್ಲ, ನಿನ್ನ ಗೈರುಹಾಜರಿಯದ್ದಾಗುತ್ತದೆ. ನಾವು ಹೀಗೆ ಮಾಡುತ್ತಿದ್ದೆವು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಮಾಡುತ್ತಿದ್ದೆವು.

ಒಂದು ಪ್ರಶ್ನೆ. ಆ ಮೂರು ತಿಂಗಳಲ್ಲಿ ಒಂದು ದಿನವೂ ರಜೆ ಹಾಕಿಲ್ಲವಾ? ಮೇಲಿಂದ ಅಡ್ವಾನ್ಸ್ ಏನೂ ಇಸಿದುಕೊಂಡಿಲ್ಲವಾ? 16,800 ಇಂಟು 3 ಅಂತ ನೇರ ಹೊಡೆದಿದ್ದೀಯ, ಅದಕ್ಕೆ ಕೇಳಿದೆ.

ತಾರಿಹಾಳ_ಗೋಡಾವನ್

ಅಕ್ಕಾ, ಜನವರಿಯಲ್ಲಿ ಎರಡು ದಿನ ಹೋಗಿರಲಿಲ್ಲ, ಜ್ವರ ಬಂದಿತ್ತು. ಸಂಕ್ರಾಂತಿಗೆ ಏಜೆನ್ಸಿಯವರು 4,000 ನಗದು ಕೊಟ್ಟರು. ಯಾವ ವೋಚರ್‌ಗೂ ಸಹಿ ಮಾಡಿಸಿಕೊಂಡಿಲ್ಲ. ಅದನ್ನೂ ಬರೀಬೇಕಾ? ಅವರ ಹತ್ತಿರ ದಾಖಲೆಯೇ ಇಲ್ಲವಲ್ಲ.

ಕೇಶ್ವಾಪುರ_ಹುಲಿ

ಬರೀಬೇಡ! ದಾಖಲೆ ಇಲ್ಲದ ರೊಕ್ಕ ರೊಕ್ಕವೇ ಅಲ್ಲ. ಅವರು 44 ಸಾವಿರ ಮುಳುಗಿಸಿ ಕೂತಿದ್ದಾರೆ, ನೀನು 4 ಸಾವಿರಕ್ಕೆ ಸತ್ಯ ಹರಿಶ್ಚಂದ್ರ ಆಗ್ತೀಯಾ?

ಬೆಟಗೇರಿ_ಮಾಮಾ

ಬರಿ. ಪಗಾರ ಕೊಟ್ಟಿದ್ದೇವೆ ಅಂತ ತೋರಿಸಿಕೊಡುವ ಭಾರ ಮಾಲೀಕರ ಮೇಲಿದೆ, ಹುಲಿ ಅವರ ಮಾತಿಗೆ ಅಷ್ಟರ ಮಟ್ಟಿಗೆ ಆಧಾರವಿದೆ. ಆದರೆ ನಾಳೆ ಅಧಿಕಾರಿಯ ಮುಂದೆ ಸೂಪರ್‌ವೈಸರ್ ನಿಂತು "ಸಂಕ್ರಾಂತಿಗೆ ಇಸಿದುಕೊಂಡಿದ್ದಾನೆ" ಅಂತಾನೆ. ನೀನು ಇಲ್ಲ ಅನ್ನಬೇಕು, ಇಲ್ಲವೇ ಹೂಂ ಅನ್ನಬೇಕು. ಹೂಂ ಅಂದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ನೀನೇ ಮೊದಲು ಕಳೆದು ಬರೆದಿದ್ದರೆ ಅವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಪತ್ರ ಓದಿದವರು ಈ ಹುಡುಗ ಲೆಕ್ಕ ಇಟ್ಟವನು ಅಂತ ತಿಳಿಯುತ್ತಾರೆ.

ಬ್ಯಾಡಗಿ_ಮೆಣಸಿನಕಾಯಿ

ನಮ್ಮದೂ ಇದೇ ಗೋಳು. ಕೋಲ್ಡ್ ಸ್ಟೋರೇಜ್‌ನಲ್ಲಿ ಮೆಣಸಿನಕಾಯಿ ಚೀಲ ಆರಿಸುವ ಕೆಲಸ. ನಮಗೆ ತಿಂಗಳ ಪಗಾರ ಇಲ್ಲ, ದಿನದ ಲೆಕ್ಕ, ವಾರಕ್ಕೊಮ್ಮೆ ಬಟವಾಡೆ. ಸೀಸನ್ ಮುಗಿಯುತ್ತಲೇ ಕೊನೆಯ ಎರಡು ವಾರದ ರೊಕ್ಕ ಮುಕಾದಮ ತಿಂದು ಹೋದ. ಹಾಜರಿ ಪುಸ್ತಕ ಅವನ ಕೈಚೀಲದಲ್ಲೇ ಇತ್ತು. ನಮ್ಮ ಹತ್ತಿರ ಏನೂ ಇಲ್ಲ. ನಾವು ಯಾರಿಗೆ ಪತ್ರ ಬರೀಬೇಕು ಹೇಳಿ?

ಬೆಟಗೇರಿ_ಮಾಮಾ

ಅವ್ವಾ, ನಿಮ್ಮದು ಬೇರೆ ಥರ. ಅಲ್ಲಿ ಮೊದಲು ನೀವು ಅಲ್ಲಿ ದುಡಿದಿದ್ದೀರಿ ಅಂತಲೇ ತೋರಿಸಬೇಕು. ಜೊತೆಗೆ ದುಡಿದವರು ಎಷ್ಟು ಜನ ಸಿಗುತ್ತಾರೆ, ಮುಕಾದಮ ಫೋನ್‌ಪೇ ಮಾಡಿದ ಒಂದಾದರೂ ಎಂಟ್ರಿ ಇದೆಯಾ ನೋಡಿ. ಹಾವೇರಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲೇ ಸಿಗುತ್ತದೆ. ಫೋನ್ ಮಾಡುವುದಾದರೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರು ಪುಕ್ಕಟೆ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಬಿಡಿಸಿ ಹೇಳುತ್ತೇನೆ. ಇಲ್ಲಿ ಕಲಸಿಹೋಗುತ್ತದೆ.

ತಾರಿಹಾಳ_ಗೋಡಾವನ್

ಲೆಕ್ಕ ಹಾಕುತ್ತಿದ್ದೇನೆ. ಜನವರಿಯ ಎರಡು ದಿನ ಹೇಗೆ ಕಳೆಯಬೇಕು? 31ರಿಂದ ಭಾಗಿಸಬೇಕಾ, 30ರಿಂದಾ?

ನವನಗರ_ಅಕ್ಕ

ನಮ್ಮಲ್ಲಿ 26ರಿಂದ ಭಾಗಿಸುತ್ತಿದ್ದೆವು. ಭಾನುವಾರ ಬಿಟ್ಟು.

ಬೆಟಗೇರಿ_ಮಾಮಾ

ನಮ್ಮ ಫ್ಯಾಕ್ಟರಿಯಲ್ಲಿ 30. ಇದಕ್ಕಾಗಿ ಜಗಳ ಬೇಡ. ನಿನ್ನ ಹಳೆಯ ಸ್ಲಿಪ್‌ಗಳನ್ನು ತೆಗಿ. ಹಿಂದೆ ಯಾವಾಗಲಾದರೂ ಒಂದು ದಿನ ತಪ್ಪಿಸಿದ್ದರೆ ಆ ತಿಂಗಳು ಎಷ್ಟು ಕಟ್ ಮಾಡಿದ್ದಾರೆ ನೋಡು. ಅವರದೇ ಪದ್ಧತಿಯಲ್ಲಿ ಲೆಕ್ಕ ಮಾಡಿದರೆ ತಪ್ಪು ಅಂತ ಹೇಗೆ ಹೇಳುತ್ತಾರೆ?

ತಾರಿಹಾಳ_ಗೋಡಾವನ್

ಸಿಕ್ಕಿತು ಮಾಮಾ! ಹೋದ ಆಗಸ್ಟ್‌ನಲ್ಲಿ ಒಂದು ದಿನ ತಪ್ಪಿಸಿದ್ದೆ. 16,800ರ ಬದಲು 16,240 ಅಂತ ಇದೆ. 560 ಕಡಿಮೆ. ಅಂದರೆ 30ರಿಂದ ಭಾಗಿಸಿದ್ದಾರೆ, ಆಗಸ್ಟ್‌ಗೆ 31 ದಿನ ಇದ್ದರೂ. ಕೈಗೆ ಬಂದದ್ದು 14,610. ಹಾಗಾದರೆ ದಿನಕ್ಕೆ ಕೈಗೆ 504ರ ಲೆಕ್ಕ.

ಡಿಸೆಂಬರ್ 15,114. ಜನವರಿ ಎರಡು ದಿನ ಕಳೆದು 14,106. ಫೆಬ್ರವರಿ 15,114. ಒಟ್ಟು 44,334. ಅಡ್ವಾನ್ಸ್ 4,000 ಕಳೆದರೆ 40,334.

50,400 ಅಂತ ಬರೆದಿದ್ದೆ. 10 ಸಾವಿರ ಕಡಿಮೆಯಾಯಿತಲ್ಲ, ಹೊಟ್ಟೆ ಉರಿಯುತ್ತದೆ.

ನವನಗರ_ಅಕ್ಕ

ಅದರಲ್ಲಿ ಹತ್ತಿರ ಹತ್ತಿರ 5 ಸಾವಿರ ಪಿಎಫ್, ಇಎಸ್‌ಐನದ್ದು. ಅದು ಎಲ್ಲೂ ಹೋಗಲ್ಲ, ನಿನ್ನ ಖಾತೆಗೆ ಕಟ್ಟಬೇಕಾದದ್ದು. ಅದನ್ನು ಕಟ್ಟಿ ತೋರಿಸಿ ಅಂತ ಪತ್ರದಲ್ಲಿ ಬೇರೆ ಸಾಲು ಹಾಕು. ಅವರು ಲೆಕ್ಕ ಹಾಕಿದಾಗ ಒಂದೆರಡು ರೂಪಾಯಿ ಹೆಚ್ಚುಕಮ್ಮಿ ಬಂದರೆ ತಲೆ ಕೆಡಿಸಿಕೊಳ್ಳಬೇಡ.

ಓಟಿ ಮಾಡಿದ್ದೀಯಾ?

ತಾರಿಹಾಳ_ಗೋಡಾವನ್

ಡಿಸೆಂಬರ್ ಕೊನೆಯಲ್ಲಿ ರಾತ್ರಿ ಲೋಡಿಂಗ್ ಇತ್ತು. ಡೈರಿಯಲ್ಲಿ 22 ಗಂಟೆ ಬರೆದುಕೊಂಡಿದ್ದೇನೆ. ಪಂಚಿಂಗ್ ಮಷಿನ್‌ನಲ್ಲೂ ಇರಬೇಕು.

ಬೆಟಗೇರಿ_ಮಾಮಾ

ಓಟಿಗೆ ದುಪ್ಪಟ್ಟು ದರ ಬರಬೇಕು. ಆದರೆ 40,334ಕ್ಕೆ ಅದನ್ನು ಕೂಡಿಸಬೇಡ. ಪಗಾರದ ಮೊತ್ತದ ಬಗ್ಗೆ ಯಾರೂ ತಕರಾರು ತೆಗೆಯಲು ಆಗುವುದಿಲ್ಲ. ಓಟಿಯ ಬಗ್ಗೆ ತೆಗೆಯುತ್ತಾರೆ, 22 ಅಲ್ಲ 15 ಅಂತಾರೆ. ಎರಡನ್ನೂ ಕೂಡಿಸಿದರೆ "ಲೆಕ್ಕ ಪರಿಶೀಲನೆಯಲ್ಲಿದೆ" ಅಂತ ಹೇಳಿ ಇಡೀ ಮೊತ್ತವನ್ನೇ ತಡೆ ಹಿಡಿಯುತ್ತಾರೆ. ಓಟಿಗೆ ಕೆಳಗೆ ಬೇರೆ ಪ್ಯಾರಾ ಇರಲಿ. ಪಂಚಿಂಗ್ ದಾಖಲೆ ನೋಡಿ ಲೆಕ್ಕ ಕೊಡಿ ಅಂತ ಕೇಳು, ಸಾಕು.

ಗೋಕುಲ್_ರೋಡ್_ಪಿಕರ್

ದೋಸ್ತ್, ನೀನು ಯಾರು ಅಂತ ಗೊತ್ತಾಯಿತು. ನಾನೂ ಅಲ್ಲೇ, ಬಿ ಶಿಫ್ಟ್. ಹೆಸರು ಹೇಳಲ್ಲ. ನಮ್ಮಲ್ಲಿ ಹತ್ತು ಹನ್ನೆರಡು ಜನ ಸಹಿ ಹಾಕಲು ತಯಾರಿದ್ದಾರೆ, ಆದರೆ ಮೊದಲು ಯಾರು ಅಂತ ಮುಖ ನೋಡುತ್ತಿದ್ದಾರೆ. ಒಂದೇ ಪತ್ರಕ್ಕೆ ಎಲ್ಲರೂ ಸಹಿ ಹಾಕಿದರೆ ಒಳ್ಳೆಯದಲ್ವಾ?

ಬೆಟಗೇರಿ_ಮಾಮಾ

ಬಲ ಬರುತ್ತದೆ. ಆದರೆ ಪ್ರತಿಯೊಬ್ಬರ ಹಾಜರಿ, ಅಡ್ವಾನ್ಸ್ ಬೇರೆ ಬೇರೆ. "ನಮ್ಮೆಲ್ಲರಿಗೂ ಮೂರು ತಿಂಗಳು ಬಾಕಿ" ಅಂತ ಒಂದೇ ಸಾಲು ಬರೆದರೆ ಯಾರಿಗೆ ಎಷ್ಟು ಅಂತ ಗೊತ್ತಾಗಲ್ಲ. ಹಿಂದೆ ಒಂದು ಪಟ್ಟಿ ಹಚ್ಚಿ: ಹೆಸರು, ಕೋಡ್, ತಿಂಗಳುವಾರು ಮೊತ್ತ, ಅಡ್ವಾನ್ಸ್, ಸಹಿ. ಕಾರ್ಮಿಕ ಇಲಾಖೆಗೆ ಹೋಗುವಾಗಲೂ ಎಷ್ಟು ಜನರಿದ್ದರೂ ಒಂದೇ ಅರ್ಜಿ ಹಾಕಬಹುದು.

ನವನಗರ_ಅಕ್ಕ

ನಾನು ಇದನ್ನು ಒಪ್ಪುವುದಿಲ್ಲ ಮಾಮಾ. ಹನ್ನೆರಡು ಜನರ ಪತ್ರ ಬಂದರೆ ಮ್ಯಾನೇಜ್‌ಮೆಂಟ್ ಅದನ್ನು ಪಗಾರದ ಪತ್ರ ಅಂತ ಓದುವುದಿಲ್ಲ. ಯಾರು ಲೀಡರ್ ಅಂತ ಹುಡುಕುತ್ತದೆ. ಮೊದಲ ಸಹಿಯವನು ಸಿಕ್ಕಿಬೀಳುತ್ತಾನೆ. ಬೇರೆ ಬೇರೆ ಹನ್ನೆರಡು ಪತ್ರ ಒಂದೇ ದಿನ ಬಂದರೆ ಹುಡುಕಲು ಯಾರೂ ಸಿಗುವುದಿಲ್ಲ.

ಬೆಟಗೇರಿ_ಮಾಮಾ

ಅಕ್ಕಾರ, ಒಂಟಿ ಪತ್ರದವನನ್ನು ಹುಡುಕುವುದೇ ಬೇಡವಲ್ಲ, ಹೆಸರು ಮೇಲೇ ಇರುತ್ತದೆ. ಯೂನಿಯನ್ ಕಾಲದವನು ನಾನು, ನನಗೆ ಗುಂಪೇ ಸರಿ ಅನ್ನಿಸುತ್ತದೆ. ಹುಡುಗರೇ ಕೂತು ತೀರ್ಮಾನಿಸಲಿ.

ತಾರಿಹಾಳ_ಗೋಡಾವನ್ · ಮಾರ್ಚ್ 11

ರಾತ್ರಿ ಕೂತು ಮತ್ತೆ ಬರೆದೆ. ಸದ್ಯ ನಾನೊಬ್ಬನೇ ಕೊಡುತ್ತೇನೆ. ಪಿಕರ್, ನಿಮ್ಮವರು ಇದನ್ನೇ ಇಟ್ಟುಕೊಂಡು ಅಂಕಿ ಬದಲಿಸಿಕೊಳ್ಳಿ.

> ದಿನಾಂಕ: 12-03-2026
>
> ಇಂದ: (ಹೆಸರು, ಎಂಪ್ಲಾಯಿ ಕೋಡ್, ಯುಎಎನ್, ಮೊಬೈಲ್)
>
> ಇವರಿಗೆ:
> 1. ಮಾಲೀಕರು, (ಏಜೆನ್ಸಿ), ಹುಬ್ಬಳ್ಳಿ
> 2. ಎಚ್‌ಆರ್ ಮ್ಯಾನೇಜರ್, (ಗೋದಾಮು ಕಂಪನಿ), ಮುಖ್ಯ ಮಾಲೀಕರು
>
> ವಿಷಯ: 2025ರ ಡಿಸೆಂಬರ್, 2026ರ ಜನವರಿ ಮತ್ತು ಫೆಬ್ರವರಿ ತಿಂಗಳ ವೇತನ ಬಾಕಿ, ರೂ. 40,334
>
> ಮಾನ್ಯರೇ,
>
> ನಾನು 06-01-2025ರಿಂದ ಮೇಲಿನ ಏಜೆನ್ಸಿಯ ಮೂಲಕ ತಾರಿಹಾಳದ ನಿಮ್ಮ ಗೋದಾಮಿನಲ್ಲಿ ಪಿಕಿಂಗ್ ಮತ್ತು ಲೋಡಿಂಗ್ ಕೆಲಸ ಮಾಡುತ್ತಿದ್ದೇನೆ. ಇಂದಿಗೂ ಕೆಲಸದಲ್ಲಿದ್ದೇನೆ. ನನ್ನ ಕೊನೆಯ ವೇತನ 05-12-2025ರಂದು ಬಂದಿದೆ. ಅದು ನವೆಂಬರ್ ತಿಂಗಳದ್ದು. ಆಮೇಲಿನ ವೇತನ ಆಯಾ ಮುಂದಿನ ತಿಂಗಳ 7ರೊಳಗೆ ಬರಬೇಕಿತ್ತು, ಬಂದಿಲ್ಲ.
>
> ಡಿಸೆಂಬರ್ (ಪೂರ್ಣ ಹಾಜರಿ): 15,114
> ಜನವರಿ (2 ದಿನ ಗೈರು): 14,106
> ಫೆಬ್ರವರಿ (ಪೂರ್ಣ ಹಾಜರಿ): 15,114
> ಜನವರಿಯಲ್ಲಿ ನಗದಾಗಿ ಪಡೆದ ಮುಂಗಡ ಕಳೆದು: 4,000
> ಬಾಕಿ: 40,334
>
> ಗೈರಿನ ಲೆಕ್ಕವನ್ನು 2025ರ ಆಗಸ್ಟ್ ಸ್ಲಿಪ್‌ನಲ್ಲಿ ನೀವು ಅನುಸರಿಸಿದಂತೆಯೇ ಮಾಡಿದ್ದೇನೆ.
>
> ನವೆಂಬರ್ ವೇತನದಲ್ಲಿ ಕಡಿತ ಮಾಡಿದ ಪಿಎಫ್ ಮೊತ್ತ ನನ್ನ ಖಾತೆಯಲ್ಲಿ ಕಾಣುತ್ತಿಲ್ಲ. ಅದನ್ನೂ ಬಾಕಿ ಮೂರು ತಿಂಗಳ ಪಿಎಫ್, ಇಎಸ್‌ಐಯನ್ನೂ ಕಟ್ಟಿ ತಿಳಿಸಬೇಕು. ಡಿಸೆಂಬರ್‌ನಲ್ಲಿ ಮಾಡಿದ ಓಟಿಯ ಲೆಕ್ಕವನ್ನು ಪಂಚಿಂಗ್ ದಾಖಲೆ ನೋಡಿ ಬೇರೆಯಾಗಿ ಕೊಡಬೇಕು. ಮೂರು ತಿಂಗಳ ಸ್ಲಿಪ್ ಕೊಡಬೇಕು.
>
> ಬಾಕಿ ವೇತನವನ್ನು 19-03-2026ರೊಳಗೆ ನನ್ನ ಬ್ಯಾಂಕ್ ಖಾತೆಗೆ ಹಾಕಬೇಕು. ಏಜೆನ್ಸಿಯಿಂದ ಆಗದಿದ್ದರೆ ಮುಖ್ಯ ಮಾಲೀಕರಾಗಿ ಕಂಪನಿ ಕೊಡಬೇಕೆಂದು ಕೋರುತ್ತೇನೆ. ಆಗದಿದ್ದಲ್ಲಿ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಿಸುತ್ತೇನೆ.
>
> ಲಗತ್ತು: ಬ್ಯಾಂಕ್ ಸ್ಟೇಟ್‌ಮೆಂಟ್, ಆಗಸ್ಟ್ ಮತ್ತು ನವೆಂಬರ್ ಸ್ಲಿಪ್, ಪಿಎಫ್ ಪಾಸ್‌ಬುಕ್ ಪ್ರತಿ
>
> (ಸಹಿ)

ಗುಳಿಗೆ ಸಾಲು ತೆಗೆದೆ ಅಕ್ಕಾ. ಮನಸ್ಸಿರಲಿಲ್ಲ.

ನವನಗರ_ಅಕ್ಕ

ಇದನ್ನು ನಾನು ಒಂದು ಅಕ್ಷರ ಬದಲಿಸದೆ ಮೇಲಕ್ಕೆ ಕಳಿಸುತ್ತಿದ್ದೆ. ಒಂದೇ ತಿದ್ದುಪಡಿ: 19 ಯುಗಾದಿ. ಬ್ಯಾಂಕ್, ಆಫೀಸ್ ಎರಡೂ ಇರಲ್ಲ. "ರಜೆ ಇತ್ತು" ಅನ್ನಲು ಅವಕಾಶ ಯಾಕೆ ಕೊಡ್ತೀಯ? 20 ಅಂತ ಮಾಡು, ಶುಕ್ರವಾರ.

ಕೇಶ್ವಾಪುರ_ಹುಲಿ

ಪತ್ರ ಚೆನ್ನಾಗಿದೆ, ಒಪ್ಪಿದೆ. ರಿಜಿಸ್ಟರ್ ಎಡಿ ಮಾಡು, ಕೈಯಲ್ಲಿ ಕೊಡಬೇಡ.

ಬೆಟಗೇರಿ_ಮಾಮಾ

ರಿಜಿಸ್ಟರ್ ಪೋಸ್ಟ್ ಅಂತ ಬೇರೆ ಈಗ ಇಲ್ಲ, ಹೋದ ವರ್ಷವೇ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಸಿಬಿಟ್ಟರು. ಸ್ಪೀಡ್ ಪೋಸ್ಟ್‌ನಲ್ಲೇ ತಲುಪಿದ್ದಕ್ಕೆ ದಾಖಲೆ ಬೇಕು ಅಂತ ಕೌಂಟರ್‌ನಲ್ಲಿ ಕೇಳಿ ಕಳಿಸು. ಎರಡೂ ವಿಳಾಸಕ್ಕೆ. ರಸೀದಿ ಜೋಪಾನ. ಕೈಯಲ್ಲೂ ಕೊಡು. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲ್ ಮತ್ತು ತಾರೀಖು ಹಾಕಿಸಿಕೊ. ಸೀಲ್ ಹಾಕಲ್ಲ ಅಂದರೆ ವಾದ ಮಾಡಬೇಡ, ಅದೇ ಸಂಜೆ ನಿನ್ನ ಮೇಲ್‌ನಿಂದ ಪತ್ರದ ಫೋಟೋ ಕಳಿಸು.

ತಾರಿಹಾಳ_ಗೋಡಾವನ್ · ಮಾರ್ಚ್ 12

ಕೊಟ್ಟೆ. ಗೋಡಾವನ್ ಎಚ್‌ಆರ್ ಹುಡುಗಿ ಪೂರ್ತಿ ಓದಿದರು. "ಇದು ಏಜೆನ್ಸಿ ಮ್ಯಾಟರ್" ಅಂದರು. ನಾನು ಎರಡನೇ ವಿಳಾಸದ ಮೇಲೆ ಬೆರಳಿಟ್ಟು ತೋರಿಸಿದೆ, ಮಾತಾಡಲಿಲ್ಲ. ಒಳಗೆ ಹೋಗಿ ಫೋನ್ ಮಾಡಿ ಬಂದರು. ಸೀಲ್ ಹಾಕಲಿಲ್ಲ. ಆದರೆ ನನ್ನ ಪ್ರತಿಯ ಮೇಲೆ "ಸ್ವೀಕರಿಸಿದೆ" ಅಂತ ಬರೆದು ಸಹಿ, ತಾರೀಖು ಹಾಕಿಕೊಟ್ಟರು. ಏಜೆನ್ಸಿಯಲ್ಲಿ ಬಾಗಿಲಿಗೆ ಬೀಗ ಇತ್ತು. ಅವರಿಗೆ ಸ್ಪೀಡ್ ಪೋಸ್ಟ್ ಮಾಡಿದೆ.

ಗೋಕುಲ್_ರೋಡ್_ಪಿಕರ್ · ಮಾರ್ಚ್ 14

ನಮ್ಮ ಕಡೆಯಿಂದ ಒಂಬತ್ತು ಜನ ಇವತ್ತು ಕೊಟ್ಟೆವು. ಬೇರೆ ಬೇರೆ ಪತ್ರ. ಮೂರು ಜನ ಹಿಂದೆ ಸರಿದರು. ಏಜೆನ್ಸಿಯವರು ಅವರಿಗೆ ಫೋನ್ ಮಾಡಿ "ಯುಗಾದಿಗೆ ಹಾಕ್ತೀವಿ" ಅಂದಿದ್ದಾರಂತೆ.

ತಾರಿಹಾಳ_ಗೋಡಾವನ್ · ಮಾರ್ಚ್ 18

ಅರ್ಜೆಂಟ್. ಇವತ್ತು ಏಜೆನ್ಸಿಯವರು ಕ್ಯಾಂಟೀನ್‌ಗೆ ಬಂದರು. ಡಿಸೆಂಬರ್ ಪಗಾರ ಇವತ್ತೇ ಹಾಕುತ್ತಾರಂತೆ. ಅದಕ್ಕೆ ಮೊದಲು ಒಂದು ಕಾಗದಕ್ಕೆ ಸಹಿ ಬೇಕಂತೆ. ಇಂಗ್ಲಿಷ್‌ನಲ್ಲಿದೆ. "ಫುಲ್ ಅಂಡ್ ಫೈನಲ್" ಅಂತ ಓದಲು ಬಂತು. ಸೂಪರ್‌ವೈಸರ್ "ಸುಮ್ನೆ ಫಾರ್ಮಾಲಿಟಿ" ಅಂತಾರೆ. ಹಬ್ಬ ನಾಳೆ. ಸಹಿ ಮಾಡಲಾ?

ನವನಗರ_ಅಕ್ಕ

ಮಾಡಬೇಡ. ಅದರ ಅರ್ಥ ಎಲ್ಲ ಬಾಕಿ ಮುಗಿಯಿತು ಅಂತ. 15 ಸಾವಿರ ಕೊಟ್ಟು 40 ಸಾವಿರದ ಸಹಿ ಕೇಳುತ್ತಿದ್ದಾರೆ.

ಬೆಟಗೇರಿ_ಮಾಮಾ

ರೊಕ್ಕ ಬೇಡ ಅನ್ನಬೇಡ. ಸಹಿ ಮಾಡಲೇಬೇಕು ಅಂದರೆ, ಸಹಿಯ ಮೇಲೆ ನಿನ್ನ ಕೈಬರಹದಲ್ಲಿ ಕನ್ನಡದಲ್ಲೇ ಬರಿ: "ಡಿಸೆಂಬರ್ 2025ರ ವೇತನ 15,114 ಮಾತ್ರ. ಜನವರಿ, ಫೆಬ್ರವರಿ ಬಾಕಿ ಇದೆ." ಆಮೇಲೆ ಸಹಿ, ತಾರೀಖು. ಫೋಟೋ ತೆಗೆದುಕೊ. ಹಾಗೆ ಬರೆಯಲು ಬಿಡದಿದ್ದರೆ ಎದ್ದು ಬಾ.

ತಾರಿಹಾಳ_ಗೋಡಾವನ್ · ಮಾರ್ಚ್ 18, ರಾತ್ರಿ

ಬರೆದೆ. ಕಾಗದ ಕಸಿದುಕೊಂಡು ಹರಿದುಹಾಕಿದರು. ಹೊಸ ಕಾಗದ ತಂದರು. ಅದರಲ್ಲೂ ಹಾಗೇ ಬರೆದೆ. ಹಿಂದೆ ಪಿಕರ್ ನಿಂತಿದ್ದ, ಅವನೂ ಹಾಗೇ ಬರೀತೀನಿ ಅಂದ. ಏಜೆನ್ಸಿಯವರು ಫೋನ್ ಹಿಡಿದು ಹೊರಗೆ ಹೋದರು, ವಾಪಸ್ ಬಂದು ಕಾಗದಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡರು. ಸಹಿ ಇಲ್ಲದೆಯೇ ರಾತ್ರಿ 8ಕ್ಕೆ 15,114 ಬಂತು. ಹತ್ತೂ ಜನಕ್ಕೆ ಬಂತು. ಪತ್ರ ಕೊಡದ ಮೂವರಿಗೆ ಇನ್ನೂ ಬಂದಿಲ್ಲ ಅಂತ ಪಿಕರ್ ಹೇಳಿದ.

ಕೇಶ್ವಾಪುರ_ಹುಲಿ

ಬೇವು ಬೆಲ್ಲಕ್ಕೆ ಆಯಿತಲ್ಲ ತಮ್ಮಾ!

ತಾರಿಹಾಳ_ಗೋಡಾವನ್ · ಮಾರ್ಚ್ 23

20ರ ಗಡುವು ಮುಗಿಯಿತು. ಜನವರಿ, ಫೆಬ್ರವರಿಯದ್ದು ಬಂದಿಲ್ಲ, ಪತ್ರಕ್ಕೆ ಉತ್ತರವೂ ಇಲ್ಲ. ಅಡ್ವಾನ್ಸ್ ಕಳೆದು ಉಳಿದದ್ದು 25,220. ಇವತ್ತು ವಾರದ ರಜೆ ಇತ್ತು, ಹುಬ್ಬಳ್ಳಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿದ್ದೆ. ಅಲ್ಲಿಯವರು ಮೊದಲು ಕೇಳಿದ್ದೇ "ಮಾಲೀಕರಿಗೆ ಬರೆದು ಕೇಳಿದ್ದೀರಾ? ಪ್ರತಿ ಇದೆಯಾ?" ಸಹಿ ಇರುವ ಪ್ರತಿ, ಪೋಸ್ಟ್ ರಸೀದಿ ಎರಡನ್ನೂ ಮೇಜಿನ ಮೇಲಿಟ್ಟೆ. ಎರಡು ಹೆಸರಿನ ಮೇಲೂ ಅರ್ಜಿ ತೆಗೆದುಕೊಂಡರು.

ಪಿಎಫ್ ಬಗ್ಗೆ ಕೇಳಿದೆ. ಅದು ನಮ್ಮದಲ್ಲ, ಪಿಎಫ್ ಆಫೀಸಿಗೆ ಬೇರೆ ದೂರು ಕೊಡಿ ಅಂದರು.

ಮಾಮಾ, ಒಂದು ಚಿಂತೆ. ಏಜೆನ್ಸಿಯ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದಂತೆ. ಹೊಸ ಏಜೆನ್ಸಿ ಬರುತ್ತದಂತೆ. ನಮ್ಮನ್ನು ಅವರೇ ತೆಗೆದುಕೊಳ್ಳುತ್ತಾರೆ ಅಂತ ಸೂಪರ್‌ವೈಸರ್ ಹೇಳುತ್ತಾರೆ. ಆಗ ಹಳೆಯ ಬಾಕಿ?

ಬೆಟಗೇರಿ_ಮಾಮಾ

ಬಾಕಿ ಹಳೆಯ ಏಜೆನ್ಸಿ ಮತ್ತು ಗೋಡಾವನ್ ಕಂಪನಿಯ ಮೇಲೆ ಹಾಗೇ ಉಳಿಯುತ್ತದೆ, ಹೊಸಬರಿಗೆ ಅದರಲ್ಲಿ ಸಂಬಂಧ ಇಲ್ಲ. ಆದರೆ ಹಳೆಯವನ ಕೊನೆಯ ಬಿಲ್ ಇನ್ನೂ ಕಂಪನಿಯ ಕೈಯಲ್ಲೇ ಇರಬೇಕು. ಅದು ಅವನ ಕೈಸೇರಿದ ಮೇಲೆ ಕಂಪನಿಗೆ ನಿನ್ನ ಪತ್ರ ಓದುವ ಅವಸರ ಇರುವುದಿಲ್ಲ. ನಾಳೆಯೇ ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕು: 25,220 ಬಾಕಿ ಇದೆ, ಇಲಾಖೆಗೆ ಅರ್ಜಿ ಹೋಗಿದೆ, ಗುತ್ತಿಗೆದಾರರ ಕೊನೆಯ ಬಿಲ್ ಕೊಡುವ ಮೊದಲು ಇದನ್ನು ಹಿಡಿದು ನಮಗೆ ಕೊಡಿ. ಒಂಬತ್ತು ಜನರಿಗೂ ಹೇಳು. ಆ ಮೂವರಿಗೂ ಹೇಳು.

ಇಲಾಖೆ ತಾರೀಖು ಯಾವಾಗ ಕೊಟ್ಟರು?

ತಾರಿಹಾಳ_ಗೋಡಾವನ್

ನೋಟಿಸ್ ಬರುತ್ತದೆ ಅಂದರು. ಮೇಲ್ ಈಗಲೇ ಹಾಕಿದೆ ಮಾಮಾ, ನಾಳೆವರೆಗೆ ತಡೆಯಲಿಲ್ಲ.